ನೀರಿನ ಸುದ್ದಿಯಲ್ಲಿ ಕೋಟಿ, ಮಿಲಿಯನ್, ಟಿಎಂಸಿ: ದೊಡ್ಡ ಅಂಕಿಗಳನ್ನು ಓದುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ದಿನಪತ್ರಿಕೆ ಓದುವವರಿಗೆ ನೀರಿನ ಸುದ್ದಿ ತಪ್ಪಿದ್ದಲ್ಲ. ಆ ಸುದ್ದಿಯ ಒಂದೇ ಅಂಕಣದಲ್ಲಿ ಎರಡು ಬೇರೆ ಬೇರೆ ಎಣಿಕೆಯ ಪದ್ಧತಿಗಳು ಬೆರೆತಿರುತ್ತವೆ. ಯೋಜನೆಯ ವೆಚ್ಚವನ್ನು ಕೋಟಿ ರೂಪಾಯಿಗಳಲ್ಲಿ ಹೇಳಲಾಗುತ್ತದೆ. ಅದಕ್ಕೆ ವಿಶ್ವಬ್ಯಾಂಕ್ ಕೊಡುವ ಸಾಲವನ್ನು ಮಿಲಿಯನ್ ಡಾಲರ್‌ಗಳಲ್ಲಿ ಹೇಳಲಾಗುತ್ತದೆ. ಕೊಳವೆಯಲ್ಲಿ ಹರಿದು ಬರುವ ನೀರನ್ನು ಎಂಎಲ್‌ಡಿ ಎಂದೂ ಜಲಾಶಯದಲ್ಲಿ ನಿಲ್ಲುವ ನೀರನ್ನು ಟಿಎಂಸಿ ಎಂದೂ ಹೇಳಲಾಗುತ್ತದೆ. ಎಂಎಲ್‌ಡಿಯ ಮೊದಲಿನ ‘ಎಂ’ ಮಿಲಿಯನ್. ಟಿಎಂಸಿಯ ನಡುವಿನ ‘ಎಂ’ ಕೂಡ ಮಿಲಿಯನ್. ಹೀಗಾಗಿ ಮಿಲಿಯನ್ನಿನ ಲೆಕ್ಕ ನಮ್ಮ ಕೆರೆಯ ಕೋಡಿಯವರೆಗೂ ಬಂದು ನಿಂತಿದೆ. ಈ ಎರಡು ಎಣಿಕೆಗಳ ನಡುವೆ ತಪ್ಪಿಲ್ಲದೆ ಹೋಗಿಬರುವ ಕ್ರಮವನ್ನು ನಮ್ಮ ಭಾಗದ ನೀರಿನ ಅಂಕಿಗಳನ್ನೇ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಕನ್ನಡದ ಪದದೊಳಗೇ ಇರುವ ಲೆಕ್ಕ

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. ಮಕ್ಕಳಿಗೆ ಸೊನ್ನೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮೂರು ಪದಗಳನ್ನು ಕಲಿಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅನುಭವ. ಮಿಲಿಯನ್ ಎಂದರೆ ದಶಲಕ್ಷ. ಬಿಲಿಯನ್ ಎಂದರೆ ಶತಕೋಟಿ. ಟ್ರಿಲಿಯನ್ ಎಂದರೆ ಲಕ್ಷ ಕೋಟಿ. ಇವು ಪತ್ರಿಕೆಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಪದಗಳು, ಮತ್ತು ಪ್ರತಿಯೊಂದು ಪದವೂ ತನ್ನ ಬೆಲೆಯನ್ನು ತಾನೇ ಹೇಳುತ್ತದೆ: ದಶ ಎಂದರೆ ಹತ್ತು, ಆದ್ದರಿಂದ ಹತ್ತು ಲಕ್ಷ, ಶತ ಎಂದರೆ ನೂರು, ಆದ್ದರಿಂದ ನೂರು ಕೋಟಿ. ಇಂಗ್ಲಿಷ್ ಸುದ್ದಿಯಲ್ಲಿ ‘3 ಬಿಲಿಯನ್’ ಎಂದು ಕಂಡ ಕೂಡಲೇ ಮನಸ್ಸಿನಲ್ಲಿ ‘3 ಶತಕೋಟಿ’ ಎಂದುಕೊಂಡರೆ ಅದು 300 ಕೋಟಿ ಎಂಬುದು ಲೆಕ್ಕ ಹಾಕದೆಯೇ ತಿಳಿಯುತ್ತದೆ.

ಹಾಗಿದ್ದರೂ ಇಷ್ಟು ಜನ ಎಡವುವುದೇಕೆ ಎಂದರೆ, ಎರಡು ಪದ್ಧತಿಗಳ ಮೆಟ್ಟಿಲುಗಳು ಒಂದೇ ಅಳತೆಯವಲ್ಲ. ನಮ್ಮಲ್ಲಿ ಸಾವಿರದಿಂದ ಲಕ್ಷಕ್ಕೆ, ಲಕ್ಷದಿಂದ ಕೋಟಿಗೆ ಒಂದೊಂದು ಮೆಟ್ಟಿಲಿಗೂ ನೂರರಷ್ಟು ಏರುತ್ತೇವೆ. ಅವರಲ್ಲಿ ಸಾವಿರದಿಂದ ಮಿಲಿಯನ್ನಿಗೆ, ಮಿಲಿಯನ್ನಿನಿಂದ ಬಿಲಿಯನ್ನಿಗೆ ಸಾವಿರದಷ್ಟು ಏರುತ್ತಾರೆ. ಅದರಿಂದಾಗಿ ಮಿಲಿಯನ್ ಎಂಬುದು ಲಕ್ಷಕ್ಕೂ ಕೋಟಿಗೂ ನಡುವೆ ಬೀಳುತ್ತದೆ, ಬಿಲಿಯನ್ ಎಂಬುದು ಕೋಟಿಗಿಂತ ಎಷ್ಟೋ ಮೇಲೆ ಹೋಗಿ ಕೂರುತ್ತದೆ. ಕೋಟಿಗೆ ತರಬೇಕಾದರೆ ಮಿಲಿಯನ್ನನ್ನು ಹತ್ತರಿಂದ ಭಾಗಿಸಬೇಕು, ಬಿಲಿಯನ್ನನ್ನು ನೂರರಿಂದ ಗುಣಿಸಬೇಕು. ಒಂದರಲ್ಲಿ ಭಾಗಾಕಾರ, ಇನ್ನೊಂದರಲ್ಲಿ ಗುಣಾಕಾರ ಎಂಬ ಈ ವ್ಯತ್ಯಾಸವೇ ಬಹುಪಾಲು ತಪ್ಪುಗಳ ಮೂಲ. ಟ್ರಿಲಿಯನ್ನಿಗೆ ಬಂದರೆ ಮತ್ತೆ ಸಲೀಸು: ಟ್ರಿಲಿಯನ್ ಎಂಬ ಪದವನ್ನು ಅಳಿಸಿ ‘ಲಕ್ಷ ಕೋಟಿ’ ಎಂದು ಬರೆದರೆ ಮುಗಿಯಿತು, ಅಂಕಿಯನ್ನು ಮುಟ್ಟಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ಬಿಲಿಯನ್ ಎಂದರೆ ಮಿಲಿಯನ್ ಮಿಲಿಯನ್, ಅಂದರೆ ನಮ್ಮ ಲಕ್ಷ ಕೋಟಿ. ಬ್ರಿಟನ್ ಸರ್ಕಾರ 1974ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಇಂದಿನ ಇಂಗ್ಲಿಷ್ ಸುದ್ದಿಯಲ್ಲಿ ಬಿಲಿಯನ್ ಯಾವಾಗಲೂ ನೂರು ಕೋಟಿಯೇ. ಗ್ರಂಥಾಲಯದ ಹಳೆಯ ಸಂಪುಟ ತೆರೆದಾಗ ಮಾತ್ರ ಇದನ್ನು ನೆನಪಿಟ್ಟುಕೊಂಡರೆ ಸಾಕು.

ಅಲ್ಪವಿರಾಮದ ಗೆರೆಯನ್ನು ಸರಿಸುವುದು

ಪದವಿಲ್ಲದೆ ಬರೀ ಅಂಕಿಯಿದ್ದಾಗ ಅಲ್ಪವಿರಾಮಗಳೇ ದಿಕ್ಕು ತೋರಿಸುತ್ತವೆ. ತುಮಕೂರು ಜಿಲ್ಲೆಯ 2011ರ ಜನಗಣತಿಯ ಸಂಖ್ಯೆಯನ್ನು ವಿದೇಶಿ ಪದ್ಧತಿಯ ಪುಟಗಳಲ್ಲಿ 2,678,980 ಎಂದು ಬರೆದಿರುತ್ತಾರೆ. ಇದನ್ನು ಎಡದಿಂದ ಓದಲು ಹೋದರೆ ‘ಎರಡು’ ಎಂದಾದ ಮೇಲೆ ಲಕ್ಷವೋ ಕೋಟಿಯೋ ಎಂದು ನಾಲಿಗೆ ತಡವರಿಸುತ್ತದೆ. ಆದ್ದರಿಂದ ಮೊದಲು ಅಲ್ಪವಿರಾಮಗಳನ್ನೆಲ್ಲ ತೆಗೆದು 2678980 ಎಂದು ಬರೆದುಕೊಳ್ಳಿ. ಬಲಗಡೆಯಿಂದ ಮೂರು ಅಂಕಿ ಎಣಿಸಿ ಒಂದು ಅಲ್ಪವಿರಾಮ ಹಾಕಿ. ಅಲ್ಲಿಂದ ಮುಂದೆ ಎರಡೆರಡು ಅಂಕಿಗೆ ಒಂದೊಂದು ಹಾಕುತ್ತ ಹೋಗಿ. 26,78,980 ಎಂದಾಗುತ್ತದೆ: ಇಪ್ಪತ್ತಾರು ಲಕ್ಷದ ಎಪ್ಪತ್ತೆಂಟು ಸಾವಿರದ ಒಂಬೈನೂರ ಎಂಬತ್ತು. ಬಲತುದಿಯ ಮೊದಲ ಅಲ್ಪವಿರಾಮ ಎರಡು ಪದ್ಧತಿಗಳಲ್ಲೂ ಒಂದೇ ಜಾಗದಲ್ಲಿರುತ್ತದೆ, ಅದರಾಚೆಗೆ ಮಾತ್ರ ದಾರಿ ಬೇರೆಯಾಗುತ್ತದೆ.

ಒಂದು ಸಂಖ್ಯೆ ಯಾವ ಪದ್ಧತಿಯಲ್ಲಿದೆ ಎಂದು ಗುರುತಿಸಲು ಎಡಗಡೆಯ ಗುಂಪುಗಳನ್ನು ನೋಡಬೇಕು. ಬಲತುದಿಯ ಗುಂಪನ್ನು ಬಿಟ್ಟು ನಡುವೆ ಎಲ್ಲಾದರೂ ಮೂರು ಅಂಕಿಯ ಗುಂಪಿದ್ದರೆ ಅದು ಮಿಲಿಯನ್ನಿನ ಪದ್ಧತಿ. ಎರಡು ಅಂಕಿಯ ಗುಂಪಿದ್ದರೆ ನಮ್ಮದು. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ನೀವು 10,00,000 ಎಂದು ತುಂಬಿದರೂ ಅದು 1,000,000 ಎಂದು ತೋರಿಸುವುದುಂಟು. ಬೆಲೆ ಬದಲಾಗಿರುವುದಿಲ್ಲ, ಯಂತ್ರದ ಪ್ರದೇಶದ ಆಯ್ಕೆ ಬೇರೆ ದೇಶದ್ದಾಗಿರುತ್ತದೆ, ಅಷ್ಟೆ. ಅದನ್ನು ಭಾರತಕ್ಕೆ ಬದಲಿಸಿದರೆ ಅಲ್ಪವಿರಾಮಗಳು ತಮ್ಮ ಜಾಗಕ್ಕೆ ಬರುತ್ತವೆ.

ಒಂದು ಸಾಲದ ಅಂಕಿ, ಮೊದಲಿನಿಂದ ಕೊನೆಯವರೆಗೆ

ಅಂತರ್ಜಲ ನಿರ್ವಹಣೆಗಾಗಿ ಕೇಂದ್ರ ಸರ್ಕಾರ ರೂಪಿಸಿದ ಅಟಲ್ ಭೂಜಲ ಯೋಜನೆ 2019ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಏಳು ರಾಜ್ಯಗಳಿಗೆ ಸೇರಿ ಅದರ ಮೊತ್ತ 6,000 ಕೋಟಿ ರೂಪಾಯಿ. ಅದರಲ್ಲಿ ಅರ್ಧ ವಿಶ್ವಬ್ಯಾಂಕಿನ ಸಾಲ, ಇನ್ನರ್ಧ ಕೇಂದ್ರದ ಪಾಲು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳಲ್ಲಿ ನಮ್ಮ ಮೂರೂ ಜಿಲ್ಲೆಗಳಿದ್ದವು. ಇದಕ್ಕಾಗಿ ವಿಶ್ವಬ್ಯಾಂಕ್ 2018ರಲ್ಲಿ ಒಪ್ಪಿದ ಸಾಲ 450 ಮಿಲಿಯನ್ ಡಾಲರ್.

ನಮ್ಮ ಹೋಬಳಿಯಲ್ಲಿ ನಡೆದ ಒಂದು ಸಭೆಗೆ ಹಂಚಿದ ಕರಪತ್ರದಲ್ಲಿ ಇದನ್ನು ‘450 ಕೋಟಿ ಡಾಲರ್’ ಎಂದು ಅಚ್ಚು ಮಾಡಿಸಿದ್ದರು. ಮಿಲಿಯನ್ ಎಂಬ ಪದ ಇದ್ದ ಜಾಗದಲ್ಲಿ ಕೋಟಿ ಎಂಬ ಪದವನ್ನು ಕೂರಿಸಿ, ಅಂಕಿಯನ್ನು ಹಾಗೆಯೇ ಬಿಟ್ಟಿದ್ದರು. ಸಭೆಯಲ್ಲಿ ಅರವತ್ತು ಎಪ್ಪತ್ತು ಜನರಿದ್ದೆವು, ಯಾರೂ ಏನೂ ಹೇಳಲಿಲ್ಲ. ರಾತ್ರಿ ಮನೆಗೆ ಬಂದು ಕರಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದಾಗಲೇ ನನಗೂ ತಪ್ಪು ಕಂಡದ್ದು. ಅಂದು ನಾನು ಅನುಸರಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಅಂಕಿ, ಎಣಿಕೆಯ ಪದ, ನಾಣ್ಯ ಈ ಮೂರನ್ನೂ ಬಿಡಿಸಿ ಬರೆದುಕೊಳ್ಳಬೇಕು: 450, ಮಿಲಿಯನ್, ಡಾಲರ್. ಎರಡನೆಯದಾಗಿ, ನಾಣ್ಯವನ್ನು ಮುಟ್ಟದೆ ಎಣಿಕೆಯ ಪದವನ್ನು ಮಾತ್ರ ಬದಲಿಸಬೇಕು. ಮಿಲಿಯನ್ ದಶಲಕ್ಷವಾದ್ದರಿಂದ 450 ದಶಲಕ್ಷವೆಂದರೆ 4,500 ಲಕ್ಷ, ಅಂದರೆ 45 ಕೋಟಿ. ಈಗ ಕೈಯಲ್ಲಿರುವುದು 45 ಕೋಟಿ ಡಾಲರ್. ಮೂರನೆಯದಾಗಿ ಮಾತ್ರ ನಾಣ್ಯವನ್ನು ಬದಲಿಸಬೇಕು. ಒಂದು ಡಾಲರಿಗೆ ಇಷ್ಟು ರೂಪಾಯಿ ಎಂಬ ದರದಿಂದ 45ನ್ನು ಗುಣಿಸಿದರೆ ಉತ್ತರ ನೇರವಾಗಿ ಕೋಟಿ ರೂಪಾಯಿಗಳಲ್ಲಿ ಬರುತ್ತದೆ. ದರ 67 ರೂಪಾಯಿ ಎಂದಿಟ್ಟುಕೊಂಡರೆ 3,015 ಕೋಟಿ. ಎಣಿಕೆಯ ಪದವನ್ನೂ ನಾಣ್ಯವನ್ನೂ ಒಂದೇ ಏಟಿಗೆ ಬದಲಿಸಲು ಹೋಗಬಾರದು. ಹಾಗೆ ಹೋದವರು ಸೊನ್ನೆಯನ್ನು ಎಲ್ಲಿ ಕಳೆದುಕೊಂಡರೆಂದು ಆಮೇಲೆ ಹುಡುಕಲಾಗುವುದಿಲ್ಲ.

ಉತ್ತರ ಸರಿಯೇ ಎಂದು ತೂಗಿ ನೋಡಲು ಡಾಲರಿನ ದರವೇ ಒಳ್ಳೆಯ ತಕ್ಕಡಿ. ಯೋಜನೆಯಲ್ಲಿ ಸಾಲದ ಪಾಲು 3,000 ಕೋಟಿ ರೂಪಾಯಿ. ಅದನ್ನು 45 ಕೋಟಿ ಡಾಲರಿನಿಂದ ಭಾಗಿಸಿದರೆ ಒಂದು ಡಾಲರಿಗೆ ಸುಮಾರು 66 ರೂಪಾಯಿ 67 ಪೈಸೆ ಬೀಳುತ್ತದೆ. ಅದು ಆ ಕಾಲದ ವಿನಿಮಯ ದರಕ್ಕೆ ಹತ್ತಿರದ ಅಂಕಿ. ಅದೇ ಕರಪತ್ರದ 450 ಕೋಟಿ ಡಾಲರಿನಿಂದ ಭಾಗಿಸಿದರೆ ಡಾಲರಿಗೆ 6 ರೂಪಾಯಿ 67 ಪೈಸೆ ಬರುತ್ತದೆ. ಯಾರಾದರೂ ಅತ್ತ ಕಡೆ ಎಡವಿ 4.5 ಕೋಟಿ ಎಂದು ಬರೆದಿದ್ದರೆ 667 ರೂಪಾಯಿ ಬರುತ್ತಿತ್ತು. ಎರಡೂ ಅಸಾಧ್ಯ. ರೂಪಾಯಿ ಮೊತ್ತ ಮತ್ತು ಡಾಲರ್ ಮೊತ್ತ ಎರಡೂ ಇರುವ ಯಾವ ಸುದ್ದಿಯನ್ನಾದರೂ ಹೀಗೆ ಅರೆ ನಿಮಿಷದಲ್ಲಿ ಪರೀಕ್ಷಿಸಬಹುದು. ಎರಡನೆಯ ತಕ್ಕಡಿಯೂ ಇತ್ತು: 450 ಕೋಟಿ ಡಾಲರ್ ಎಂಬುದು ನಿಜವಾಗಿದ್ದರೆ ಸಾಲವೇ 30,000 ಕೋಟಿ ರೂಪಾಯಿ ದಾಟುತ್ತಿತ್ತು, ಅಂದರೆ ಇಡೀ ಯೋಜನೆಯ ಮೊತ್ತದ ಐದು ಪಟ್ಟು. ಭಾಗವು ಒಟ್ಟಿಗಿಂತ ದೊಡ್ಡದಾಗಿ ಕಂಡರೆ ಅಲ್ಲಿ ಮಿಲಿಯನ್ನಿನ ತಪ್ಪು ಅಡಗಿರುವ ಸಾಧ್ಯತೆಯೇ ಹೆಚ್ಚು.

ಈ ಪರೀಕ್ಷೆಗೂ ಒಂದು ಮಿತಿಯಿದೆ. ವಿದೇಶಿ ಸಾಲ ಒಂದೇ ದಿನ ಕೈಗೆ ಬರುವುದಿಲ್ಲ. ಹಲವು ವರ್ಷಗಳಲ್ಲಿ ಕಂತುಗಳಾಗಿ ಬರುತ್ತದೆ, ದರವೂ ಏರಿಳಿಯುತ್ತದೆ. ಆದ್ದರಿಂದ ನಮ್ಮ ಉತ್ತರಕ್ಕೂ ಸರ್ಕಾರದ ಅಂಕಿಗೂ ಹತ್ತೋ ಹದಿನೈದೋ ಪ್ರತಿಶತ ವ್ಯತ್ಯಾಸ ಬಂದರೆ ಅದನ್ನು ತಪ್ಪೆಂದು ತಿಳಿಯಬಾರದು. ಎಣಿಕೆಯ ಪದದ ತಪ್ಪು ಎಂದೂ ಅಷ್ಟು ಚಿಕ್ಕದಾಗಿರುವುದಿಲ್ಲ. ಅದು ಹತ್ತು ಪಟ್ಟು, ನೂರು ಪಟ್ಟು ಅಥವಾ ಸಾವಿರ ಪಟ್ಟಿನದೇ ಆಗಿರುತ್ತದೆ.

ಎಂಎಲ್‌ಡಿಯಿಂದ ಟ್ಯಾಂಕರಿಗೆ, ಟಿಎಂಸಿಯಿಂದ ಲೀಟರಿಗೆ

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಸಾಮರ್ಥ್ಯ 440 ಎಂಎಲ್‌ಡಿ. ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯದು 210 ಎಂಎಲ್‌ಡಿ. ನಮ್ಮೂರ ಕೆರೆಯ ಏರಿಯ ಮೇಲೆ ಒಬ್ಬ ರೈತರು ನನ್ನನ್ನು ನಿಲ್ಲಿಸಿ, “ಮೇಷ್ಟ್ರೇ, ಪೇಪರ್‌ನಲ್ಲಿ ನಾನೂರ ನಲವತ್ತು ಎಂಎಲ್‌ಡಿ ಅಂತ ಹಾಕವ್ರೆ, ಅದು ಎಷ್ಟು ಟ್ಯಾಂಕರ್ ಆಯ್ತದೆ ಹೇಳಿ” ಎಂದು ಕೇಳಿದ್ದರು. ಬೇಸಿಗೆಯಲ್ಲಿ ತೋಟಕ್ಕೆ ಟ್ಯಾಂಕರ್ ನೀರು ಕೊಂಡವರು ಅವರು. ಲೀಟರಿಗಿಂತ ಟ್ಯಾಂಕರೇ ಅವರಿಗೆ ಸರಿಯಾದ ಮಾಪು. ಉತ್ತರವನ್ನು ನಿಂತಲ್ಲಿಯೇ ಹೇಳಬಹುದಾಗಿತ್ತು. ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ದಶಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಎಂದಿಟ್ಟುಕೊಂಡರೆ ಹತ್ತು ಲಕ್ಷಕ್ಕೆ 200 ಟ್ಯಾಂಕರ್. ಅಂಥವು 440 ಇದ್ದರೆ ದಿನಕ್ಕೆ 88,000 ಟ್ಯಾಂಕರ್. ಲೀಟರಿನಲ್ಲೇ ಬೇಕೆಂದರೆ ಮಿಲಿಯನ್ನಿನ ನಿಯಮದಂತೆ ಹತ್ತರಿಂದ ಭಾಗಿಸಿ, ದಿನಕ್ಕೆ 44 ಕೋಟಿ ಲೀಟರ್ ಎನ್ನಬೇಕು. ಇದು ಯೋಜನೆಯ ಪೂರ್ಣ ಸಾಮರ್ಥ್ಯ. ಒಂದು ನಿರ್ದಿಷ್ಟ ದಿನ ಹರಿಯುವ ನೀರು ಅದಕ್ಕಿಂತ ಕಡಿಮೆಯಿರಬಹುದು, ಸುದ್ದಿಯಲ್ಲಿ ಯಾವುದನ್ನು ಹೇಳಿದ್ದಾರೆ ಎಂದು ನೋಡಿಕೊಳ್ಳಬೇಕು.

ಟಿಎಂಸಿಯನ್ನು ಓದುವಾಗ ಇನ್ನೊಂದು ಹೆಜ್ಜೆ ಹೆಚ್ಚು ಬೇಕು. ಅದರಲ್ಲಿ ಎರಡು ಎಣಿಕೆಯ ಪದಗಳು ಒಟ್ಟಿಗೆ ಕೂತಿವೆ: ಸಾವಿರ ಮತ್ತು ಮಿಲಿಯನ್. ಸಾವಿರ ಮಿಲಿಯನ್ ಎಂದರೆ ಬಿಲಿಯನ್, ಅಂದರೆ ಶತಕೋಟಿ. ಹಾಗಾಗಿ ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಎತ್ತಿನಹೊಳೆ ಯೋಜನೆಯಲ್ಲಿ ತರಲು ಉದ್ದೇಶಿಸಿರುವ 24.01 ಟಿಎಂಸಿ ನೀರು 2,401 ಕೋಟಿ ಘನ ಅಡಿಯಾಗುತ್ತದೆ. ಟಿಎಂಸಿಯ ಕೊನೆಯಲ್ಲಿ ಲೀಟರ್ ಇಲ್ಲ, ಘನ ಅಡಿ ಇದೆ ಎಂಬುದನ್ನು ಮರೆತು, ಒಂದು ಟಿಎಂಸಿಗೆ ನೂರು ಕೋಟಿ ಲೀಟರ್ ಎಂದು ಬರೆದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಒಂದು ಘನ ಅಡಿಯಲ್ಲಿ ಸುಮಾರು 28.32 ಲೀಟರ್ ಹಿಡಿಯುತ್ತದೆ. ಆದ್ದರಿಂದ ಒಂದು ಟಿಎಂಸಿ ಸುಮಾರು 2,832 ಕೋಟಿ ಲೀಟರ್.

ಈಗ ಎರಡು ಅಂಕಿಗಳನ್ನು ಒಂದೇ ಪಾತ್ರೆಯಲ್ಲಿ ಅಳೆಯಬಹುದು. ದಿನಕ್ಕೆ 44 ಕೋಟಿ ಲೀಟರಿನಂತೆ ಹರಿದರೆ 2,832 ಕೋಟಿ ಲೀಟರ್ ತುಂಬಲು 64 ದಿನಕ್ಕಿಂತ ತುಸು ಹೆಚ್ಚು ಬೇಕು. ವರ್ಷದ 365 ದಿನವೂ ಪೂರ್ಣ ಸಾಮರ್ಥ್ಯದಲ್ಲಿ ಹರಿದರೆ 16,060 ಕೋಟಿ ಲೀಟರ್, ಅಂದರೆ ಸುಮಾರು ಐದೂಮುಕ್ಕಾಲು ಟಿಎಂಸಿಗೆ ತುಸು ಕಡಿಮೆ. ಒಂದು ಯೋಜನೆಯನ್ನು ಎಂಎಲ್‌ಡಿಯಲ್ಲಿ, ಇನ್ನೊಂದನ್ನು ಟಿಎಂಸಿಯಲ್ಲಿ ಹೇಳಿ ಹೋಲಿಸುವ ವರದಿಗಳು ಬಂದಾಗ ಇಷ್ಟು ಮಾಡಿಕೊಳ್ಳದೆ ಯಾವುದು ದೊಡ್ಡದು, ಎಷ್ಟು ದೊಡ್ಡದು ಎಂದು ಹೇಳಲಾಗುವುದಿಲ್ಲ.

ಬಜೆಟ್ ಕೋಷ್ಟಕದ ಮೂಲೆ

ಬಜೆಟ್ ಪುಸ್ತಕದ ಕೋಷ್ಟಕದಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ಕೋಟಿ ಎಂದು ಬರೆದಿರುವುದಿಲ್ಲ. ಮೇಲಿನ ಬಲಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ರೂ. ಕೋಟಿಗಳಲ್ಲಿ’ ಅಥವಾ ‘ರೂ. ಲಕ್ಷಗಳಲ್ಲಿ’ ಎಂದು ಒಮ್ಮೆ ಹೇಳಿ ಮುಗಿಸಿರುತ್ತಾರೆ. ಒಂದೇ ಬಜೆಟ್ಟಿನ ಬೇರೆ ಬೇರೆ ಸಂಪುಟಗಳಲ್ಲಿ ಈ ಮೂಲೆಯ ಮಾತು ಬೇರೆಯಾಗಿರಬಹುದು. ‘ಲಕ್ಷಗಳಲ್ಲಿ’ ಎಂದಿರುವ ಕೋಷ್ಟಕದಲ್ಲಿ 1,250 ಎಂದು ಕಂಡರೆ ಅದು ಹನ್ನೆರಡೂವರೆ ಕೋಟಿ, 1,250 ಕೋಟಿಯಲ್ಲ. ಷೇರು ಮಾರಾಟಕ್ಕೆ ಬರುವ ಕಂಪನಿಗಳ ದಾಖಲೆಗಳಲ್ಲಿ ‘ರೂ. ಮಿಲಿಯನ್‌ಗಳಲ್ಲಿ’ ಎಂದು ಇರುವುದು ಸಾಮಾನ್ಯ. ಅಲ್ಲಿ 1,250 ಎಂದರೆ 125 ಕೋಟಿ. ಅಂಕಿ ಒಂದೇ, ಬೆಲೆ ಮೂರು. ಆದ್ದರಿಂದ ಕೋಷ್ಟಕದಿಂದ ಅಂಕಿಯನ್ನು ನಕಲು ಮಾಡಿಕೊಳ್ಳುವವರು ಮೊದಲು ಮೂಲೆಯ ಪದವನ್ನು ಬರೆದುಕೊಂಡು, ಆಮೇಲೆ ಅಂಕಿಯನ್ನು ಬರೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

2025ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025–26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಕೋಟಿಯ ಮುಂದಿರುವ ಈ ಅಂಕಿಯೇ ಲಕ್ಷವನ್ನು ದಾಟಿರುವುದರಿಂದ ಓದುವಾಗ ‘ನಾಲ್ಕು ಲಕ್ಷದ ಒಂಬತ್ತು ಸಾವಿರದ ಐನೂರ ನಲವತ್ತೊಂಬತ್ತು’ ಎಂದು ಹೇಳಿ, ಕೊನೆಯ ‘ಕೋಟಿ’ಯನ್ನು ಬಿಡದೆ ಸೇರಿಸಬೇಕು. ಇಂಗ್ಲಿಷಿಗೆ ಒಯ್ಯುವಾಗ ಲಕ್ಷ ಕೋಟಿಯ ಜಾಗದಲ್ಲಿ ಟ್ರಿಲಿಯನ್ ಇಟ್ಟು 4.09549 ಟ್ರಿಲಿಯನ್ ಎನ್ನಬೇಕು. ಬಿಲಿಯನ್ನಿನಲ್ಲಿ ಬೇಕೆಂದರೆ ನೂರರಿಂದ ಭಾಗಿಸಿ 4,095.49 ಬಿಲಿಯನ್ ಎನ್ನಬೇಕು.

ಇದನ್ನೇ ಸುದ್ದಿಸಂಸ್ಥೆಯವರು ಒಂದೇ ದಶಾಂಶಕ್ಕೆ ಇಳಿಸಿ 4.1 ಟ್ರಿಲಿಯನ್ ಎಂದು ಬರೆಯಬಹುದು, ಅದು ತಪ್ಪೇನಲ್ಲ. ಆದರೆ ಆ 4.1ನ್ನು ಹಿಂದಕ್ಕೆ ಕನ್ನಡಕ್ಕೆ ತಂದು ‘4,10,000 ಕೋಟಿ’ ಎಂದು ಬರೆದಾಗ ಇಲ್ಲದ 451 ಕೋಟಿ ರೂಪಾಯಿ ಹುಟ್ಟಿಕೊಳ್ಳುತ್ತದೆ. ದಶಾಂಶ ಬಿಂದುವಿನ ನಂತರ ಒಂದೇ ಅಂಕಿಯಿರುವ ಟ್ರಿಲಿಯನ್ನನ್ನು ‘ಸುಮಾರು 4.1 ಲಕ್ಷ ಕೋಟಿ’ ಎಂದೇ ಬರೆಯಬೇಕು; ಸೊನ್ನೆಗಳನ್ನು ತುಂಬಿ ಬರೆದರೆ ಓದುಗರು ಅದನ್ನು ಕರಾರುವಾಕ್ಕಾದ ಅಂಕಿಯೆಂದು ನಂಬುತ್ತಾರೆ.

ಡಾಲರಿನ ಮೊತ್ತವಿಲ್ಲದ ಇಂಥ ಕಡೆ ತಕ್ಕಡಿಗೆ ಜನಸಂಖ್ಯೆಯನ್ನು ಬಳಸಬಹುದು. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 6.11 ಕೋಟಿ. ಕೋಟಿಯನ್ನು ಕೋಟಿಯಿಂದ ಭಾಗಿಸುವಾಗ ಎರಡೂ ಕಡೆಯ ಸೊನ್ನೆಗಳು ತಾವಾಗಿಯೇ ಬಿದ್ದುಹೋಗುವುದರಿಂದ 4,09,549ನ್ನು 6.11ರಿಂದ ಭಾಗಿಸಿದರೆ ಸಾಕು: ತಲೆಗೆ ಸುಮಾರು 67,000 ರೂಪಾಯಿ. ಇಂದಿನ ಜನಸಂಖ್ಯೆ ಹೆಚ್ಚಿರುವುದರಿಂದ ನಿಜವಾದ ಉತ್ತರ ಇದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಸೊನ್ನೆಗಳ ಪರೀಕ್ಷೆಗೆ ಇದು ಸಾಕು. ಯಾರಾದರೂ ಬಜೆಟ್ಟನ್ನು ‘409 ಬಿಲಿಯನ್’ ಎಂದು ಬರೆದಿದ್ದರೆ ಅದು 40,900 ಕೋಟಿಯಾಗಿ, ತಲೆಗೆ 6,700 ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಶಾಲೆ, ಆಸ್ಪತ್ರೆ, ಪಿಂಚಣಿ, ರಸ್ತೆ, ನೀರು ಎಲ್ಲವೂ ಸೇರಿ ವರ್ಷವಿಡೀ ಒಬ್ಬರಿಗೆ ಅಷ್ಟರಲ್ಲಿ ಮುಗಿಯುವಂಥದ್ದಲ್ಲ ಎಂದು ಅನುಮಾನ ಬಂದ ಕೂಡಲೇ ಮೂಲ ಕೋಷ್ಟಕದ ಬಲಮೂಲೆಗೆ ಹೋಗಿ ನೋಡಬೇಕು.